ಗುಳಿಗೆಗೆ ದಾರಿ ಆರಿಸಲು ಬರುವುದಿಲ್ಲ

ಮನೋರೋಗದ ಗುಳಿಗೆ ನುಂಗುವವರ ಮನೆಯವರು ಹುಬ್ಬಳ್ಳಿ-ಧಾರವಾಡದ ಕಡೆ ಡಾಕ್ಟರ ಮುಂದೆ ಹೇಳಿಕೊಳ್ಳುವ ದೂರುಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. “ಕೈಕಾಲು ನಡಗತಾವ್ರಿ, ನಿಂತಲ್ಲೆ ನಿಲ್ಲಂಗಿಲ್ಲ” ಎಂಬುದು ಒಂದು. “ಎಷ್ಟು ರೊಟ್ಟಿ ಕೊಟ್ರೂ ಸಾಲಂಗಿಲ್ರಿ, ಮೈ ಬಂದೈತಿ” ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ಹಳೆಯ ಪೀಳಿಗೆಯ ಔಷಧಗಳದ್ದು, ಎರಡನೆಯದು ಹೊಸ ಪೀಳಿಗೆಯದ್ದು. ಎರಡೂ ರೋಗದ ಭಾಗವಲ್ಲ; ಔಷಧ ಮೆದುಳಿನಲ್ಲಿ ಎಲ್ಲಿ ಹೋಗಿ ಕೂತಿತು ಎಂಬುದರ ಫಲ.

ಧಾರವಾಡದ ಡಿಮ್ಹಾನ್ಸ್‌ನ ಮೂಲ 1845ರ ಹುಚ್ಚಾಸ್ಪತ್ರೆ. ಅದು ಶುರುವಾಗಿ ನೂರು ವರ್ಷ ಕಳೆದರೂ ಭ್ರಮೆಗಳನ್ನೇ ತಗ್ಗಿಸುವ ಆಧುನಿಕ ಗುಳಿಗೆ ಎಲ್ಲಿಯೂ ಇರಲಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂತು, 1958ರಲ್ಲಿ ಹ್ಯಾಲೋಪೆರಿಡಾಲ್ ಸಿದ್ಧವಾಯಿತು. ಇವು ಡೋಪಮಿನ್ ಎಂಬ ರಾಸಾಯನಿಕಕ್ಕೆ ಅಡ್ಡ ನಿಲ್ಲುತ್ತವೆ. ಡೋಪಮಿನ್ ಬಂದು ಕೂರುವ ತಾಣಗಳಲ್ಲಿ ಒಂದಕ್ಕೆ ಡಿ2 ರಿಸೆಪ್ಟರ್ ಎಂದು ಹೆಸರು. ಔಷಧ ಮೊದಲೇ ಆ ಜಾಗ ಹಿಡಿದರೆ ಡೋಪಮಿನ್‌ಗೆ ಕೂರಲು ಜಾಗ ಸಿಗುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಡೋಪಮಿನ್ ಮೆದುಳಿನಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳಲ್ಲಿ ಕೆಲಸ ಮಾಡುತ್ತದೆ. ನಡುಮೆದುಳಿನಿಂದ ಭಾವನೆಗಳ ಕೇಂದ್ರಗಳಿಗೆ ಹೋಗುವ ದಾರಿಯಲ್ಲಿ ಅದು ಅತಿಯಾದಾಗ, ಇಲ್ಲದ ದನಿ ಕೇಳುವುದು, ಯಾರೋ ಬೆನ್ನು ಹತ್ತಿದ್ದಾರೆ ಎನಿಸುವುದು ನಡೆಯುತ್ತದೆ. ಔಷಧ ಬೇಕಿರುವುದು ಅಲ್ಲಿ ಮಾತ್ರ. ಎರಡನೆಯ ದಾರಿ ಹಣೆಯ ಹಿಂದಿನ ಮೆದುಳಿಗೆ ಹೋಗುತ್ತದೆ; ಅಲ್ಲಿ ಡೋಪಮಿನ್ ಮೊದಲೇ ಕಡಿಮೆಯಿರುತ್ತದೆ, ಇನ್ನೂ ತಡೆದರೆ ಉತ್ಸಾಹ ಮತ್ತಷ್ಟು ಉಡುಗುತ್ತದೆ. ಮೂರನೆಯದು ಚಲನೆಯ ದಾರಿ. ನಾಲ್ಕನೆಯದು ಪಿಟ್ಯುಟರಿ ಗ್ರಂಥಿಯತ್ತ ಹೋಗಿ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹಿಡಿದಿಡುತ್ತದೆ. ಈ ಹಿಡಿತ ಸಡಿಲಿದರೆ ಹೆಂಗಸರ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಹೊಸದಾಗಿ ಮದುವೆಯಾದವಳಿಗೆ ಹೀಗಾದಾಗ ಮನೆಯವರು ಬಸಿರೆಂದುಕೊಳ್ಳುವುದು ಸಹಜ. ಹೊಸ ಪೀಳಿಗೆಯ ರಿಸ್ಪೆರಿಡೋನ್‌ನಲ್ಲಿಯೂ ಇದು ಸಾಮಾನ್ಯ. ರಕ್ತದಲ್ಲಿ ಬೆರೆತು ಬರುವ ಗುಳಿಗೆ ನಾಲ್ಕೂ ದಾರಿಗಳನ್ನು ಹೊಗುತ್ತದೆ.

ಒಂದು ಉದಾಹರಣೆ ನೋಡೋಣ. ಹುಡುಗ ಕಲ್ಪಿತ, ಅವನಿಗಾಗುವುದು ಮಾತ್ರ ದಿನನಿತ್ಯ ಕಾಣುವಂಥದ್ದು. ಕುಂದಗೋಳ ಕಡೆಯ ಇಪ್ಪತ್ತಾರರ ತರುಣ, ತೂಕ 58 ಕಿಲೋ. ಅವನಿಗೆ ದಿನಕ್ಕೆ 10 ಮಿಲಿಗ್ರಾಂ ಹ್ಯಾಲೋಪೆರಿಡಾಲ್ ಶುರುವಾಯಿತು. ಮೂರನೆಯ ದಿನ ಕುತ್ತಿಗೆ ಒಂದು ಕಡೆ ತಿರುಚಿಕೊಂಡಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಮನೆಯಲ್ಲಿ ಗಾಳಿ ಸೋಕಿತೆಂದರು. ಇದು ಡಿಸ್ಟೋನಿಯಾ: ಚಲನೆಯ ದಾರಿಯಲ್ಲಿ ಡೋಪಮಿನ್ ಕುಗ್ಗಿ, ಅದಕ್ಕೆ ಎದುರು ನಿಲ್ಲುವ ಅಸಿಟೈಲ್‌ಕೋಲಿನ್‌ನ ಕೈ ಮೇಲಾದಾಗ ಸ್ನಾಯು ಬಿಗಿಯುತ್ತದೆ. ಎಳೆಯ ಗಂಡಸರಲ್ಲಿ, ಮೊದಲ ಕೆಲವು ದಿನಗಳಲ್ಲಿ ಇದು ಹೆಚ್ಚು. ಅಸಿಟೈಲ್‌ಕೋಲಿನ್‌ಗೆ ತಡೆಯೊಡ್ಡುವ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಕುತ್ತಿಗೆ ಸಡಿಲಾಯಿತು.

ಮೂರನೆಯ ವಾರಕ್ಕೆ ಹೊಸ ತೊಂದರೆ. ಹುಡುಗ ಕೂತಲ್ಲಿ ಕೂರಲಾರ, ರಾತ್ರಿಯಿಡೀ ಅಂಗಳದಲ್ಲಿ ಅಡ್ಡಾಡುತ್ತಾನೆ. “ಒಳಗ ಏನೋ ತಳಮಳ ಆಗತೈತಿ” ಅನ್ನುತ್ತಾನೆ. ರೋಗ ಮರುಕಳಿಸಿತೆಂದು ಹೆದರಿ ತಾಯಿ ಗುಳಿಗೆ ಹೆಚ್ಚಿಸಲು ಕೇಳುತ್ತಾಳೆ. ಈ ವಿಷಯದಲ್ಲಿ ನಾನು ಅತಿ ಹೆಚ್ಚು ಚಿಂತಿಸುವ ಗಳಿಗೆ ಇದು. ಇದು ಅಕಾಥಿಸಿಯಾ ಆಗಿದ್ದರೆ, ಗುಳಿಗೆ ಏರಿಸಿದಷ್ಟೂ ತಳಮಳ ಏರುತ್ತದೆ. ತಾಳಲಾರದೆ ಜೀವ ಕಳೆದುಕೊಳ್ಳಲು ಯೋಚಿಸುವವರೂ ಇದ್ದಾರೆ. ಗುರುತಿಸುವುದು ಹೇಗೆ? ರೋಗದ ಚಡಪಡಿಕೆಗೆ ಹೆಚ್ಚಾಗಿ ಒಂದು ಕತೆ ಅಂಟಿಕೊಂಡಿರುತ್ತದೆ: ಅವರು ಬರುತ್ತಾರೆ, ಬಡಿಯುತ್ತಾರೆ ಎಂಬಂಥದ್ದು. ಅಕಾಥಿಸಿಯಾಕ್ಕೆ ಅಂಥ ಕತೆ ಇರುವುದಿಲ್ಲ, ಕಾಲಿಗೆ ನೆಮ್ಮದಿ ಇರುವುದಿಲ್ಲ, ನಡೆದಾಡಿದರೆ ಕೊಂಚ ಹಗುರ. ಮುಖ್ಯವಾಗಿ, ಗುಳಿಗೆ ಶುರುವಾದ ಅಥವಾ ಏರಿಸಿದ ಕೆಲವು ದಿನ-ವಾರಗಳಲ್ಲಿ ಅದು ಹುಟ್ಟುತ್ತದೆ. ಆದ್ದರಿಂದ ಡೋಸ್ ಬದಲಾದ ತಾರೀಖನ್ನೂ ತಳಮಳ ಶುರುವಾದ ತಾರೀಖನ್ನೂ ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಬೇಕು. ಡೋಸ್ ಇಳಿಸುವುದು ಮೊದಲ ಮದ್ದು. ಪ್ರೊಪ್ರನಲಾಲ್ ಕೂಡ ಅನೇಕರಿಗೆ ನೆರವಾಗುತ್ತದೆ. ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಇದಕ್ಕೆ ಅಷ್ಟಾಗಿ ಹತ್ತುವುದಿಲ್ಲ. ವರ್ಷಗಟ್ಟಲೆ ಔಷಧ ತಿಂದ ಮೇಲೆ ತುಟಿ, ನಾಲಿಗೆ ತಾವಾಗಿಯೇ ಆಡತೊಡಗುವ ಟಾರ್ಡಿವ್ ಡಿಸ್ಕಿನೇಸಿಯಾವನ್ನು ಅದು ಹೆಚ್ಚಿಸಲೂಬಹುದು.

ಇಷ್ಟೆಲ್ಲ ಆದದ್ದು ಎಷ್ಟು ಡಿ2 ತಾಣ ಮುಚ್ಚಿದ್ದರಿಂದ? ಮೆದುಳಿನ ಪೆಟ್ ಸ್ಕ್ಯಾನ್ ಅಧ್ಯಯನಗಳು ಲೆಕ್ಕ ತೋರಿಸಿವೆ. ಸುಮಾರು 65 ಶೇಕಡಾ ತಾಣಗಳು ಮುಚ್ಚಿದಾಗ ಭ್ರಮೆ ತಗ್ಗತೊಡಗುತ್ತದೆ. 78-80 ಶೇಕಡಾ ದಾಟಿದರೆ ಕೈಕಾಲಿನ ತೊಂದರೆ ಶುರು. ನಡುವಿನ ಕಿಂಡಿ ಕಿರಿದು. ಹ್ಯಾಲೋಪೆರಿಡಾಲ್ ದಿನಕ್ಕೆ 2-3 ಮಿಲಿಗ್ರಾಂ ಆದರೂ ಅನೇಕರಲ್ಲಿ ಆ ಕಿಂಡಿಗೆ ತಲುಪಿಬಿಡುತ್ತದೆ. ನಮ್ಮ ಹುಡುಗನಿಗೆ 10 ಕೊಟ್ಟಿದ್ದರು.

ಹೊಸ ಪೀಳಿಗೆಯ ಔಷಧಗಳು ಇಲ್ಲಿ ಎರಡು ರೀತಿ ಸಡಿಲ ಕೊಡುತ್ತವೆ. ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕವು ಚಲನೆಯ ದಾರಿಯಲ್ಲಿ ಡೋಪಮಿನ್ ಹೊರಬರದಂತೆ ಹಿಡಿಯುತ್ತದೆ. ಈ ಔಷಧಗಳು ಸೆರೊಟೋನಿನ್‌ನ 2ಎ ತಾಣವನ್ನೂ ಮುಚ್ಚುವುದರಿಂದ ಆ ಹಿಡಿತ ತಪ್ಪಿ, ಅಲ್ಲಿ ಒಂದಿಷ್ಟು ಡೋಪಮಿನ್ ಮರಳುತ್ತದೆ. ಎರಡನೆಯದಾಗಿ, ಕ್ಲೋಜಪಿನ್, ಕ್ವೆಟಿಯಪಿನ್‌ನಂಥವು ಡಿ2 ತಾಣದಿಂದ ಬೇಗ ಕಳಚಿಕೊಳ್ಳುತ್ತವೆ. ಆದರೆ ಹೊಸದೆಂಬ ಹೆಸರು ರಕ್ಷೆಯಲ್ಲ. ರಿಸ್ಪೆರಿಡೋನ್ ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಹಳೆಯದರಂತೆಯೇ ವರ್ತಿಸತೊಡಗುತ್ತದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಕ್ಯಾಟೀ ಅಧ್ಯಯನದಲ್ಲಿ ಹಳೆಯ ಪರ್ಫೆನಜಿನ್ ಮಿತವಾದ ಡೋಸಿನಲ್ಲಿ ಬಹುತೇಕ ಹೊಸ ಔಷಧಗಳಿಗೆ ಸಮನಾಗಿ ನಿಂತಿತು.

ನಮ್ಮ ಹುಡುಗನಿಗೆ ಒಲಾಂಜಪಿನ್ 15 ಮಿಲಿಗ್ರಾಂಗೆ ಬದಲಿಸಿದರು. ಕಾಲು ಶಾಂತವಾದವು, ದನಿಗಳು ನಿಂತವು, ನಿದ್ದೆ ಬಂತು. ಒಂದು ತಿಂಗಳಿಗೆ ತೂಕ 61, ನಾಲ್ಕು ತಿಂಗಳಿಗೆ 67. ಮನೆಯವರಿಗೆ ಹಿಗ್ಗು, ಮೈ ಕೈ ತುಂಬಿಕೊಂಡಿತೆಂದು. ಇದರಲ್ಲಿ ಡಿ2 ತಾಣದ ಪಾಲು ಚಿಕ್ಕದು. ಒಲಾಂಜಪಿನ್, ಕ್ಲೋಜಪಿನ್ ಎರಡೂ ಹಿಸ್ಟಮಿನ್‌ನ ಎಚ್1, ಸೆರೊಟೋನಿನ್‌ನ 2ಸಿ ತಾಣಗಳನ್ನು ಗಟ್ಟಿಯಾಗಿ ಮುಚ್ಚುತ್ತವೆ. ಮೆದುಳಿನ ಹೈಪೊಥಲಾಮಸ್‌ನಲ್ಲಿ “ಸಾಕು” ಎಂಬ ಸಂದೇಶ ಹೊರಡಲು ಇವೆರಡೂ ಬೇಕು. ಆದ್ದರಿಂದ ಎರಡು ರೊಟ್ಟಿ ಉಣ್ಣುತ್ತಿದ್ದವನು ನಾಲ್ಕು ಉಂಡರೂ ಹಸಿದೇ ಏಳುತ್ತಾನೆ. ಅವನನ್ನು ಹೊಟ್ಟೆಬಾಕನೆಂದು ಬೈಯುವುದು ಅನ್ಯಾಯ. ಇದರ ಜೊತೆಗೆ ಇನ್ಸುಲಿನ್ ಕೆಲಸ ಮಾಡುವ ಬಗೆಯೂ ಕೆಡಬಹುದು, ಹಾಗಾಗಿ ತೂಕ ಹೆಚ್ಚದವರಲ್ಲಿಯೂ ಸಕ್ಕರೆ ಏರಬಹುದು.

ಎಚ್ಚರದ ಗಂಟೆ ಮೊದಲ ತಿಂಗಳಲ್ಲೇ ಮೊಳಗಿತ್ತು: 58ರಿಂದ 61 ಎಂದರೆ 5 ಶೇಕಡಾ ಏರಿಕೆ, ಇಷ್ಟು ಬೇಗ ಏರಿದವರಲ್ಲಿ ಮುಂದೆ ಇನ್ನೂ ಏರುವ ಸಾಧ್ಯತೆ ಹೆಚ್ಚು. ಗುಳಿಗೆ ಶುರುವಾಗುವ ಮೊದಲು ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಅಳೆದಿಡಬೇಕು. ತೂಕವನ್ನು ಮೊದಲ ತಿಂಗಳುಗಳಲ್ಲಿ ಆಗಾಗ ನೋಡಬೇಕು, ರಕ್ತವನ್ನು ಮೂರನೆಯ ತಿಂಗಳಿಗೆ ಒಂದು ಸಲ, ನಂತರ ವರ್ಷಕ್ಕೊಮ್ಮೆ. ನಮ್ಮವರಲ್ಲಿ ಗಂಡಸರ ಸೊಂಟ 90, ಹೆಂಗಸರದ್ದು 80 ಸೆಂಟಿಮೀಟರ್ ಮುಟ್ಟಿತೆಂದರೆ ಎಚ್ಚರ. ಮೆಟ್‌ಫಾರ್ಮಿನ್ ಈ ತೂಕವನ್ನು ಸ್ವಲ್ಪ ತಡೆಯುತ್ತದೆ, ಬೇಗ ಶುರು ಮಾಡಿದಷ್ಟೂ ಮೇಲು. ಅದೂ ಸಾಲದಿದ್ದರೆ ತೂಕ ಕಡಿಮೆ ಏರಿಸುವ ಅರಿಪಿಪ್ರಜೋಲ್‌ನಂಥದಕ್ಕೆ ಡಾಕ್ಟರು ಬದಲಿಸಬಹುದು. ಅರಿಪಿಪ್ರಜೋಲ್ ಮತ್ತೆ ಅಕಾಥಿಸಿಯಾ ತರಬಲ್ಲದು, ಹಾಗಾಗಿ ಈ ಹುಡುಗನ ವಿಷಯದಲ್ಲಿ ಹಳೆಯ ಚೀಟಿಯ ತಾರೀಖುಗಳು ಮತ್ತೆ ಬೇಕಾಗುತ್ತವೆ. ಬದಲಾವಣೆ ವಾರಗಟ್ಟಲೆ ಹಿಡಿಯುತ್ತದೆ: ಒಂದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಇನ್ನೊಂದನ್ನು ಏರಿಸುತ್ತಾರೆ. ತೂಕಕ್ಕೆ ಹೆದರಿ ಮನೆಯಲ್ಲೇ ಗುಳಿಗೆ ಥಟ್ಟನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ದನಿಗಳು ಮೊದಲಿಗಿಂತ ಜೋರಾಗಿ ಮರಳಿ ಬರಬಹುದು.