‘ಸಿಂಪಿ’ ಎಂದು ಬೈದರೆ ಏನರ್ಥ?

ಸ್ಪೇನಿನ ಸಿನಿಮಾದಲ್ಲಿ ಅಜ್ಜಿಯೊಬ್ಬಳು ಬಾಗಿಲು ಎಳೆದುಕೊಂಡ ಮೇಲೆ ‘ಓಸ್ತ್ರಾಸ್!’ ಎಂದು ಉದ್ಗರಿಸುತ್ತಾಳೆ ಎನ್ನಿ. ನಿಘಂಟು ತೆರೆದರೆ ಅರ್ಥ ಸಿಗುತ್ತದೆ: ಸಮುದ್ರದ ಸಿಂಪಿಗಳು. ಆದರೆ ಬೀಗದ ಕೈ ಒಳಗೇ ಬಿಟ್ಟುಬಂದವಳು ಸಿಂಪಿಯನ್ನೇಕೆ ನೆನೆಯುತ್ತಾಳೆ?

ಅವಳ ನಾಲಿಗೆಗೆ ಬಂದದ್ದು ‘ಓಸ್ತಿಯಾ’. ಕ್ರೈಸ್ತರ ಪೂಜೆಯಲ್ಲಿ ಭಕ್ತರಿಗೆ ಕೊಡುವ ಪವಿತ್ರ ರೊಟ್ಟಿಯ ಹೆಸರದು. ಸ್ಪೇನಿನಲ್ಲಿ ಅದನ್ನೇ ಬೈಗುಳವಾಗಿ ಬಳಸುತ್ತಾರೆ. ದೊಡ್ಡವರೆದುರು ಆಡಲು ಸಂಕೋಚವಾದಾಗ ಮೊದಲ ಸದ್ದು ಉಳಿಸಿಕೊಂಡು ಬೇರೆ ಪದಕ್ಕೆ ಹೊರಳುತ್ತಾರೆ. ಮಲ ಎಂಬರ್ಥದ ‘ಮಿಯೆರ್ದಾ’ ಹೀಗೆಯೇ ‘ಮಿಯೆರ್ಕೊಲೆಸ್’, ಅಂದರೆ ಬುಧವಾರ, ಆಗುತ್ತದೆ. ಸಂದರ್ಭಕ್ಕೆ ಹೊಂದದ ಸಾಧು ಪದವೊಂದು ಉದ್ಗಾರವಾಗಿ ಬಂದರೆ, ಅದರ ಹಿಂದೆ ಒರಟು ಪದ ಅಡಗಿರಬಹುದೆಂದು ಅನುವಾದಕರು ಅನುಮಾನಿಸಬೇಕು.

ಆಮೇಲೆ ತೂಗಬೇಕಾದದ್ದು ಅರ್ಥವನ್ನಲ್ಲ, ಖಾರವನ್ನು. ಅಜ್ಜಿಯ ಮಾತಿಗೆ ‘ಅಯ್ಯೋ ರಾಮ’ ಎಂದರೆ ಕ್ರೈಸ್ತಳ ಬಾಯಲ್ಲಿ ರಾಮ ಅಸಹಜ. ‘ಅಯ್ಯಯ್ಯೋ, ಬೀಗದ ಕೈ ಒಳಗೇ ಉಳೀತು!’ ಸಾಕು. ಅದೇ ಪೇಚಿನಲ್ಲಿ ಮೊಮ್ಮಗ ‘ಓಸ್ತಿಯಾ!’ ಎಂದರೆ ‘ಥೂ, ದರಿದ್ರದ್ದು!’ ಎನ್ನುವಷ್ಟು ಕಟುವಾಗಲಿ. ಇಬ್ಬರಿಗೂ ‘ಅಯ್ಯೋ’ ಕೊಟ್ಟರೆ ತಲೆಮಾರಿನ ಅಂತರವೇ ಅಳಿಸಿಹೋಗುತ್ತದೆ.

ಒಂದು ಎಚ್ಚರಿಕೆ: ‘ಓಸ್ತಿಯಾ ಕೊಟ್ಟ’ ಎಂದರೆ ಏಟು ಬಿಗಿದ ಎಂದು, ‘ಅವನು ಓಸ್ತಿಯಾನೇ’ ಎಂದರೆ ಬಹಳ ಸಲ ಮೆಚ್ಚುಗೆ. ಪದ ಕಂಡೊಡನೆ ಮೆದುಗೊಳಿಸಲು ಹೊರಡಬೇಡಿ, ವಾಕ್ಯ ಪೂರ್ತಿ ಓದಿ.