ಕ್ಲೌಡ್ ಬಿಲ್ ಏರುತ್ತಲೇ ಇದೆಯೇ? ಡೇಟಾ ಸಿಂಕ್‌ ವೇಳಾಪಟ್ಟಿಯನ್ನು ಒಮ್ಮೆ ನೋಡಿ

ಪುಣೆಯಲ್ಲಿ ಔಷಧ ಸಗಟು ವ್ಯಾಪಾರ ನಡೆಸುವ ಒಂದು ಸಂಸ್ಥೆ ಇದೆ ಎಂದುಕೊಳ್ಳಿ. ಬಿಲ್ಲಿಂಗ್ ನಡೆಯುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ, ವರದಿಗಳು ಸಿದ್ಧವಾಗುವುದು ಸ್ನೋಫ್ಲೇಕ್ ಎಂಬ ಕ್ಲೌಡ್ ವೇರ್‌ಹೌಸ್‌ನಲ್ಲಿ. ಪ್ರತಿ 5 ನಿಮಿಷಕ್ಕೊಮ್ಮೆ ಡೇಟಾ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಒಂದು ಸಿಂಕ್ ಮುಗಿಯಲು ಬೇಕಾಗುವುದು ಒಂದೇ ನಿಮಿಷ. ಆದರೂ ತಿಂಗಳ ಬಿಲ್ ನೋಡಿದರೆ, ಯಂತ್ರ ಹಗಲು ರಾತ್ರಿ ದುಡಿದಷ್ಟು ಮೊತ್ತ!

ಲೆಕ್ಕ ತಪ್ಪಿಲ್ಲ, ಯಂತ್ರ ನಿಜಕ್ಕೂ ಹಗಲು ರಾತ್ರಿ ಚಾಲೂ ಇತ್ತು. ಸ್ನೋಫ್ಲೇಕ್‌ನ ವೇರ್‌ಹೌಸ್ ಎದ್ದಿರುವಷ್ಟು ಹೊತ್ತಿಗೂ ಸೆಕೆಂಡ್ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ಪ್ರತಿ ಬಾರಿ ಎದ್ದಾಗ ಕನಿಷ್ಠ 60 ಸೆಕೆಂಡಿನ ಶುಲ್ಕ ಖಾತ್ರಿ. ಕೆಲಸವಿಲ್ಲದೆ ಎಷ್ಟು ಹೊತ್ತಾದರೆ ಮಲಗಬೇಕು ಎಂಬುದನ್ನು ಆಟೋ ಸಸ್ಪೆಂಡ್ ನಿರ್ಧರಿಸುತ್ತದೆ. ಅದು 5 ನಿಮಿಷಕ್ಕೆ ಇದ್ದು, 4 ನಿಮಿಷ ಕಳೆಯುವಷ್ಟರಲ್ಲಿ ಮುಂದಿನ ಸಿಂಕ್ ಬಂದರೆ ಯಂತ್ರ ಮಲಗುವುದೇ ಇಲ್ಲ.

ಅತಿ ಚಿಕ್ಕ ವೇರ್‌ಹೌಸ್‌ಗೆ ಗಂಟೆಗೆ 1 ಕ್ರೆಡಿಟ್. ಅಂದರೆ ದಿನಕ್ಕೆ 24 ಕ್ರೆಡಿಟ್. ಈಗ ಆಟೋ ಸಸ್ಪೆಂಡ್ ಅನ್ನು 60 ಸೆಕೆಂಡಿಗೆ ಇಳಿಸಿ, ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮಾತ್ರ 15 ನಿಮಿಷಕ್ಕೊಮ್ಮೆ ಸಿಂಕ್ ಮಾಡಿದರೆ? ದಿನಕ್ಕೆ 48 ಸಲ, ಪ್ರತಿ ಸಲ ಸುಮಾರು 2 ನಿಮಿಷ. ಒಟ್ಟು 96 ನಿಮಿಷ, ಅಂದರೆ 1.6 ಕ್ರೆಡಿಟ್. ಬದಲಾಯಿಸಬೇಕಾದದ್ದು ವೇಳಾಪಟ್ಟಿ ಮತ್ತು ಈ ಒಂದು ಸಾಲು:

```sql
ALTER WAREHOUSE sync_wh SET AUTO_SUSPEND = 60;
```

ಎಷ್ಟು ಸಲ ಸಿಂಕ್ ಬೇಕು ಎಂಬುದನ್ನು ವರದಿ ನೋಡುವವರನ್ನೇ ಕೇಳಬೇಕು. ಗೋದಾಮಿನ ಸ್ಟಾಕ್‌ಗೆ 15 ನಿಮಿಷ ಸರಿ. ಮ್ಯಾನೇಜರ್ ಬೆಳಗ್ಗೆ ಒಮ್ಮೆ ಮಾತ್ರ ತೆರೆಯುವ ಮಾರಾಟ ವರದಿಗೆ ರಾತ್ರಿಯ ಒಂದು ಸಿಂಕ್ ಸಾಕು. ಎಲ್ಲ ಟೇಬಲ್‌ಗಳಿಗೂ ಒಂದೇ ಗತಿ ಇರಬೇಕೆಂಬ ನಿಯಮವೇನೂ ಇಲ್ಲ.

ಇಡೀ ಟೇಬಲ್ ಏಕೆ ಹೊರಬೇಕು?

ಆರ್ಡರ್ ಟೇಬಲ್‌ನಲ್ಲಿ 2 ಕೋಟಿ ಸಾಲುಗಳಿದ್ದು, ದಿನಕ್ಕೆ ಬದಲಾಗುವುದು 40 ಸಾವಿರ ಮಾತ್ರ ಎನ್ನೋಣ. ಪ್ರತಿ ರಾತ್ರಿ ಅಷ್ಟನ್ನೂ ಅಳಿಸಿ ಮತ್ತೆ ತುಂಬುವುದೆಂದರೆ 500 ಸಾಲು ಹೊತ್ತು, ಅದರಲ್ಲಿ ಒಂದನ್ನು ಮಾತ್ರ ಬಳಸಿದಂತೆ. ಬದಲಾದ ಸಾಲುಗಳನ್ನಷ್ಟೇ ತರುವುದು ಜಾಣತನ:

```sql
SELECT * FROM orders
WHERE updated_at >= :last_sync - INTERVAL '10 minutes';
```

ಇಲ್ಲಿ 10 ನಿಮಿಷ ಹಿಂದಕ್ಕೆ ಹೋಗಿರುವುದು ಸುಮ್ಮನೆ ಅಲ್ಲ. ಪೋಸ್ಟ್‌ಗ್ರೆಸ್‌ನ now() ಕೊಡುವುದು ವಹಿವಾಟು ಆರಂಭವಾದ ಸಮಯವನ್ನು. 10:58ಕ್ಕೆ ಶುರುವಾದ ಬಿಲ್ 11:01ಕ್ಕೆ ದಾಖಲಾದರೂ ಅದರ ಮೇಲೆ 10:58 ಎಂದೇ ಇರುತ್ತದೆ. 11:00ರ ಸಿಂಕ್‌ಗೆ ಅದು ಕಾಣುವುದಿಲ್ಲ. ಮುಂದಿನ ಸಿಂಕ್ 11:00ರ ನಂತರದ್ದನ್ನು ಮಾತ್ರ ಹುಡುಕಿದರೆ ಆ ಬಿಲ್ ವರದಿಗೆ ಬರುವುದೇ ಇಲ್ಲ. ಹಿಂದಕ್ಕೆ ಹೋದಾಗ ಕೆಲವು ಸಾಲುಗಳು ಎರಡು ಸಲ ಬರುತ್ತವೆ. ಆದ್ದರಿಂದ ಅವುಗಳನ್ನು ಕೊನೆಗೆ ಸೇರಿಸುವ ಬದಲು, ಆರ್ಡರ್ ಸಂಖ್ಯೆ ಹೊಂದಿಸಿ MERGE ಮಾಡಬೇಕು. updated_at ಕಾಲಂಗೆ ಇಂಡೆಕ್ಸ್ ಇರಲಿ. ಇಲ್ಲದಿದ್ದರೆ 40 ಸಾವಿರ ಸಾಲು ಹುಡುಕಲೂ ಡೇಟಾಬೇಸ್ 2 ಕೋಟಿಯನ್ನೂ ಓದುತ್ತದೆ.

ಈ ವಿಧಾನಕ್ಕೂ ಮಿತಿ ಇದೆ. ಮೂಲದಲ್ಲಿ ಅಳಿಸಿಹಾಕಿದ ಸಾಲು ಇದರ ಕಣ್ಣಿಗೆ ಬೀಳುವುದಿಲ್ಲ. ಯಾರಾದರೂ updated_at ಮುಟ್ಟದೆ ನೇರವಾಗಿ ಬೆಲೆ ತಿದ್ದಿದರೆ ಅದೂ ತಿಳಿಯುವುದಿಲ್ಲ. ಪತ್ತೆಗೆ ಸುಲಭ ಉಪಾಯವೆಂದರೆ, ವಾರಕ್ಕೊಮ್ಮೆ ಎರಡೂ ಕಡೆ ದಿನವಾರು ಸಾಲುಗಳ ಸಂಖ್ಯೆ ಮತ್ತು ಮೊತ್ತವನ್ನು ತಾಳೆ ನೋಡುವುದು. ವ್ಯತ್ಯಾಸ ಕಂಡ ದಿನಗಳನ್ನು ಮಾತ್ರ ಮತ್ತೆ ತುಂಬಿದರೆ ಸಾಕು, ಇಡೀ ಟೇಬಲ್ ಬೇಡ.

ರಾತ್ರಿ 2 ಗಂಟೆ, ಆದರೆ ಯಾವ ಗಡಿಯಾರದಲ್ಲಿ?

ದೊಡ್ಡ ಸಿಂಕ್‌ಗಳನ್ನು ರಾತ್ರಿಗೆ ಹಾಕುವುದರಿಂದ ಸ್ನೋಫ್ಲೇಕ್ ಬಿಲ್ ಕಡಿಮೆಯಾಗದು, ಹಗಲೂ ರಾತ್ರಿಯೂ ಅಲ್ಲಿ ದರ ಒಂದೇ. ಲಾಭವಾಗುವುದು ಬಿಲ್ಲಿಂಗ್ ಕೌಂಟರ್‌ಗೆ. ಗಿರಾಕಿಗಳ ದಟ್ಟಣೆ ಇರುವ ಸಂಜೆಯ ಹೊತ್ತಲ್ಲಿ ಭಾರೀ ಓದು ಶುರುವಾದರೆ ಕೌಂಟರ್‌ನ ಪರದೆ ತಡವರಿಸುತ್ತದೆ.

ಎಡವುವುದು ಇಲ್ಲೇ. ಬಹಳಷ್ಟು ಕ್ಲೌಡ್ ಸರ್ವರ್‌ಗಳ ಗಡಿಯಾರ ಯುಟಿಸಿಯಲ್ಲಿ ಇರುತ್ತದೆ. ಅಲ್ಲಿ `0 2 * * *` ಎಂದು ಬರೆದರೆ ಸಿಂಕ್ ಶುರುವಾಗುವುದು ಭಾರತೀಯ ಕಾಲಮಾನ ಬೆಳಗ್ಗೆ 7:30ಕ್ಕೆ, ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ! ರಾತ್ರಿ 2 ಗಂಟೆಗೆ ಬೇಕಿದ್ದರೆ `30 20 * * *` ಎಂದಿರಬೇಕು. ಅದೇ ಹೊತ್ತಿಗೆ ಬ್ಯಾಕಪ್ ಕೂಡ ನಡೆಯುತ್ತಿದ್ದರೆ ಎರಡೂ ನಿಧಾನವಾಗುತ್ತವೆ. ಸಿಂಕ್ ಲಾಗ್‌ನಲ್ಲಿ ಎಂದಿಗಿಂತ ಎರಡು ಪಟ್ಟು ಸಮಯ ಕಂಡರೆ ಮೊದಲು ಬ್ಯಾಕಪ್‌ನ ಸಮಯ ನೋಡಿ, 2:40ರ ಹೊತ್ತಿಗೆ ಸರಿಸಿ ಎರಡು ದಿನ ಗಮನಿಸಿ.