ಹಬ್ಬದ ಹ್ಯಾಂಪರ್: ಎಣಿಕೆ, ಪ್ಯಾಕಿಂಗ್, ತಪಾಸಣೆ

ದೀಪಾವಳಿಗೆ ಕಚೇರಿಗಳು ನೌಕರರಿಗೆ ಕೊಡುವ ಉಡುಗೊರೆ ಹ್ಯಾಂಪರ್‌ಗಳನ್ನು ಈಗ ಮನೆಯಿಂದಲೇ ವ್ಯಾಪಾರ ಮಾಡುವವರು, ಸ್ವಸಹಾಯ ಸಂಘಗಳು, ಸಣ್ಣ ಅಂಗಡಿಗಳು ತಯಾರಿಸಿ ಕೊಡುತ್ತಿವೆ. ಹತ್ತು ಹ್ಯಾಂಪರ್ ಆದರೆ ಕಣ್ಣಳತೆಯಲ್ಲೇ ಮುಗಿಯುತ್ತದೆ. ನೂರು ದಾಟಿದರೆ ಕಣ್ಣಳತೆ ಕೈಕೊಡುತ್ತದೆ. ಒಂದರಲ್ಲಿ ಒಣದ್ರಾಕ್ಷಿ ಇರುವುದಿಲ್ಲ, ಇನ್ನೊಂದರಲ್ಲಿ ಹಣತೆ ಒಡೆದಿರುತ್ತದೆ. ಪಡೆದವರು ಪಕ್ಕದ ಮೇಜಿನವರ ಪೆಟ್ಟಿಗೆಯನ್ನೂ ನೋಡುವುದರಿಂದ ಕೊರತೆ ಅಲ್ಲೇ ಬಯಲಾಗುತ್ತದೆ. ಇದನ್ನು ತಡೆಯುವುದು ಒಂದು ಹಾಳೆಯ ತಪಾಸಣೆ ಪಟ್ಟಿ. ಬೆಂಗಳೂರಿನ ಒಂದು ಕಚೇರಿಗೆ 120 ಹ್ಯಾಂಪರ್ ಕೊಡಬೇಕು ಎಂದಿಟ್ಟುಕೊಂಡು ಆ ಪಟ್ಟಿಯನ್ನು ಮಾಡುವ ಬಗೆಯನ್ನು ಇಲ್ಲಿ ನೋಡಬಹುದು.

ಪ್ರತಿ ಪೆಟ್ಟಿಗೆಯಲ್ಲಿ ಇರಬೇಕಾದದ್ದು ಕಾಲು ಕೆ.ಜಿ. ಮೈಸೂರು ಪಾಕಿನ ಒಂದು ಡಬ್ಬ, ನೂರು ಗ್ರಾಂ ಗೋಡಂಬಿ, ನೂರು ಗ್ರಾಂ ಒಣದ್ರಾಕ್ಷಿ, ಇನ್ನೂರು ಗ್ರಾಂ ಕಾಫಿ ಪುಡಿ, ನಾಲ್ಕು ಮಣ್ಣಿನ ಹಣತೆ, ಒಂದು ಪೊಟ್ಟಣ ಹತ್ತಿ ಬತ್ತಿ, ಒಂದು ಪ್ಯಾಕೆಟ್ ಊದುಬತ್ತಿ, ಒಂದು ಶುಭಾಶಯ ಪತ್ರ. ಸಿಹಿಗೆ ಮೈಸೂರು ಪಾಕನ್ನು ಆರಿಸಿದ್ದಕ್ಕೆ ಕಾರಣವಿದೆ. ಪೇಡ, ಬರ್ಫಿಯಂಥ ಹಾಲಿನ ಸಿಹಿ ಬೇಗ ಕೆಡುತ್ತದೆ. ಪ್ಯಾಕಿಂಗ್, ಸಾಗಣೆ, ಹಂಚಿಕೆ ಎಲ್ಲ ಮುಗಿದು ಮನೆ ತಲುಪುವ ಹೊತ್ತಿಗೆ ಅದನ್ನು ತಿನ್ನಲು ಉಳಿಯುವ ದಿನಗಳು ತೀರಾ ಕಡಿಮೆ.

ಖರೀದಿಯ ಲೆಕ್ಕದಲ್ಲಿ ಎಲ್ಲದಕ್ಕೂ ಒಂದೇ ಪ್ರಮಾಣದ ಹೆಚ್ಚುವರಿ ಬೇಡ. ಗೋಡಂಬಿ, ಕಾಫಿ ಪುಡಿಯ ಪ್ಯಾಕೆಟ್ ಒಡೆಯುವಂಥದ್ದಲ್ಲ, ಎರಡು ಮೂರು ಹೆಚ್ಚಿಗೆ ತಂದರೆ ಸಾಕು. ಹಣತೆಯ ವಿಷಯ ಬೇರೆ. ಬೇಕಾದದ್ದು 480, ನೂರಕ್ಕೆ ಐದರಂತೆ ಒಡಕಿಗೆ 24 ಸೇರಿಸಿದರೆ 504, ಅಂದರೆ 42 ಡಜನ್. ಪಾಟರಿ ಟೌನ್‌ನಂಥ ಕಡೆಯಿಂದ ತಂದ ಹಣತೆಗಳನ್ನು ಒಂದೊಂದಾಗಿ ಒಣಬಟ್ಟೆಯಲ್ಲಿ ಒರೆಸುವಾಗಲೇ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಹಣತೆ ಟಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕಾಗಿ ಬರುತ್ತದೆ. ಅಂಥದ್ದು ಎಣ್ಣೆ ಹಾಕಿದ ಮೇಲೆ ಸೋರುತ್ತದೆ, ಅಥವಾ ದಾರಿಯಲ್ಲೇ ಒಡೆಯುತ್ತದೆ.

ರಿಬ್ಬನ್ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಪೆಟ್ಟಿಗೆ 30 ಸೆಂ.ಮೀ. ಉದ್ದ, 25 ಅಗಲ, 10 ಎತ್ತರ ಇದ್ದರೆ ಉದ್ದಕ್ಕೊಂದು ಸುತ್ತು 80 ಸೆಂ.ಮೀ., ಅಡ್ಡಕ್ಕೊಂದು ಸುತ್ತು 70, ಮೇಲಿನ ಗಂಟಿಗೆ 60. ಒಟ್ಟು 2.1 ಮೀಟರ್. ನೂರಿಪ್ಪತ್ತಕ್ಕೆ 252 ಮೀಟರ್ ಆಗುವುದರಿಂದ 20 ಮೀಟರಿನ 13 ರೋಲ್ ಸಾಕು ಅನ್ನಿಸುತ್ತದೆ, ಆದರೆ ಸಾಲದು. ಒಂದು ರೋಲಿನಲ್ಲಿ ಒಂಬತ್ತು ತುಂಡು ಮಾತ್ರ ಬರುತ್ತದೆ, ಕೊನೆಯ ಒಂದು ಮೀಟರ್ ಚಿಲ್ಲರೆ ತುಂಡಾಗಿ ಉಳಿಯುತ್ತದೆ. ಹದಿಮೂರು ರೋಲಿಗೆ 117 ತುಂಡು. ಬೇಕಾದದ್ದು 14 ರೋಲ್. ಇದು ಗೊತ್ತಾಗುವುದು ಕೊನೆಯ ಮೂರು ಪೆಟ್ಟಿಗೆ ಕಟ್ಟುವಾಗ, ಅಂಗಡಿ ಬಾಗಿಲು ಹಾಕಿದ ಮೇಲೆ. ಆದ್ದರಿಂದ ಪಟ್ಟಿಯಲ್ಲಿ ರಿಬ್ಬನ್ನನ್ನು ಮೀಟರಿನಲ್ಲಿ ಬರೆಯದೆ ತುಂಡುಗಳ ಲೆಕ್ಕದಲ್ಲೇ ಬರೆಯುವುದು ಸರಿ.

ತಿನ್ನುವ ಪದಾರ್ಥಗಳನ್ನು ಆದಷ್ಟು ತಯಾರಕರು ಮುಚ್ಚಿದ ಸಣ್ಣ ಪ್ಯಾಕೆಟ್‌ನಲ್ಲೇ ಕೊಳ್ಳಬೇಕು. ದೊಡ್ಡ ಚೀಲ ತಂದು ಬಿಡಿಸಿ ತುಂಬಿದರೆ ಪ್ರತಿ ಪೊಟ್ಟಣಕ್ಕೂ ಪದಾರ್ಥಗಳ ಹೆಸರು, ತೂಕ, ದಿನಾಂಕ, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಲೇಬಲ್ಲನ್ನು ತುಂಬಿದವರೇ ಹಚ್ಚಬೇಕಾಗುತ್ತದೆ. ಉಡುಗೊರೆಯಲ್ಲಿ ಬೆಲೆ ಕಾಣಬಾರದೆಂದು ಗ್ರಾಹಕರು ಕೇಳುವುದುಂಟು. ಎಂಆರ್‌ಪಿಯನ್ನು ಕೆರೆದು ತೆಗೆಯುವುದು ತಪ್ಪು. ಸಾಮಾನ್ಯವಾಗಿ ದಿನಾಂಕ, ಬ್ಯಾಚ್ ಸಂಖ್ಯೆ ಅದೇ ಜಾಗದಲ್ಲಿ ಇರುವುದರಿಂದ ಅವೂ ಅಳಿಸಿಹೋಗುತ್ತವೆ. ಬೆಲೆ ಇರುವ ಬದಿ ಕೆಳಗೆ ಬರುವಂತೆ ಪ್ಯಾಕೆಟ್ ಇಟ್ಟರೆ ಆಯಿತು.

ಪ್ಯಾಕಿಂಗ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಡಕಲ್ಲ, ವಾಸನೆ. ಊದುಬತ್ತಿಯ ಪರಿಮಳ ತೆಳು ಪ್ಲಾಸ್ಟಿಕ್ಕನ್ನು ದಾಟಿ ಬರುತ್ತದೆ. ತುಪ್ಪದ ಸಿಹಿ ಮತ್ತು ಕಾಫಿ ಪುಡಿ ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ದಿನ ಒಟ್ಟಿಗೆ ಇದ್ದರೆ ಮೈಸೂರು ಪಾಕು ಬಾಯಲ್ಲಿ ಗಂಧದ ಕಡ್ಡಿಯ ರುಚಿ ಕೊಡುತ್ತದೆ. ಆದ್ದರಿಂದ ಊದುಬತ್ತಿಯನ್ನು ಒಳಗೆ ಬೆಳ್ಳಿ ಬಣ್ಣದ ಪದರವಿರುವ ಕವರಿನಲ್ಲಿ ಹಾಕಿ, ಬಾಯಿಯನ್ನು ಬಿಸಿಯಿಂದ ಅಂಟಿಸಿ, ಸಿಹಿಯಿಂದ ದೂರದ ಮೂಲೆಯಲ್ಲಿ ಇಡಬೇಕು. ಇದು ಸಾಕೇ ಎಂದು ತಿಳಿಯಲು ಆರ್ಡರ್ ಒಪ್ಪಿಕೊಂಡ ವಾರದಲ್ಲೇ ಒಂದು ಮಾದರಿ ಪೆಟ್ಟಿಗೆ ಕಟ್ಟಿ, ನಾಲ್ಕು ದಿನ ಮುಚ್ಚಿಟ್ಟು, ತೆರೆದು ಸಿಹಿಯ ರುಚಿ ನೋಡಬೇಕು. ವಾಸನೆ ಹಿಡಿದಿದ್ದರೆ ಊದುಬತ್ತಿಯನ್ನು ಪೆಟ್ಟಿಗೆಯ ಹೊರಗೆ, ಕೈಚೀಲದಲ್ಲಿ ಬೇರೆಯಾಗಿ ಕೊಡುವುದೇ ಸರಿ.

ಉಳಿದ ಜೋಡಣೆ ಸುಲಭ. ತಳಕ್ಕೆ ಚೂರು ಕಾಗದ, ಅದರ ಮೇಲೆ ಸಿಹಿಯ ಡಬ್ಬ ಮಟ್ಟಸವಾಗಿ, ಪಕ್ಕದಲ್ಲಿ ಕಾಫಿ ಪುಡಿ, ನಡುವೆ ಗೋಡಂಬಿ, ದ್ರಾಕ್ಷಿ. ತುಪ್ಪ ಜಿನುಗಿದರೂ ರಟ್ಟಿಗೆ ಕಲೆ ಹತ್ತದಂತೆ ಡಬ್ಬದ ಕೆಳಗೆ ಬಟರ್ ಪೇಪರ್. ಹಣತೆಗಳಿಗೆ ನಾಲ್ಕು ಗೂಡಿನ ರಟ್ಟಿನ ತಟ್ಟೆ ಇದ್ದರೆ ಒಂದಕ್ಕೊಂದು ತಾಗುವುದಿಲ್ಲ, ಒಂದು ಕಡಿಮೆಯಾದರೆ ಖಾಲಿ ಗೂಡು ತಾನೇ ಹೇಳುತ್ತದೆ. ಶುಭಾಶಯ ಪತ್ರ ಎಲ್ಲಕ್ಕಿಂತ ಮೇಲೆ. ಮುಚ್ಚಳ ಹಾಕಿ ಮೆಲ್ಲಗೆ ಅಲುಗಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಕಾಗದ ಸಾಲದು ಎಂದರ್ಥ.

ಎಣಿಕೆಗೆ ಬರೋಣ. 120ನ್ನೂ ಒಂದೇ ರಾಶಿಯಾಗಿ ಕಟ್ಟತೊಡಗಿದರೆ ಕೊನೆಯಲ್ಲಿ ಒಂದು ದ್ರಾಕ್ಷಿ ಪ್ಯಾಕೆಟ್ ಉಳಿದಾಗ 120 ಪೆಟ್ಟಿಗೆಯನ್ನೂ ಬಿಚ್ಚಬೇಕಾಗುತ್ತದೆ. ಅದಕ್ಕಾಗಿ ಕೆಲಸವನ್ನು 24ರ ಐದು ಸುತ್ತಾಗಿ ಒಡೆಯುವುದು ಒಳ್ಳೆಯದು. ಸಾಗಣೆಯ ದೊಡ್ಡ ರಟ್ಟಿನ ಪೆಟ್ಟಿಗೆಗೆ ಆರು ಹ್ಯಾಂಪರ್ ಹಿಡಿಯುವುದರಿಂದ ಒಂದು ಸುತ್ತು ಸರಿಯಾಗಿ ನಾಲ್ಕು ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಪ್ರತಿ ಸುತ್ತಿಗೆ ಮೊದಲು ಮೇಜಿನ ಮೇಲೆ 24 ಸಿಹಿ, 24 ಗೋಡಂಬಿ, 96 ಹಣತೆ, ಹೀಗೆ ಎಲ್ಲವನ್ನೂ ಎಣಿಸಿ ಇಡಬೇಕು. ಎಣಿಸುವವರೊಬ್ಬರು, ಮತ್ತೆ ಎಣಿಸಿ ಪಟ್ಟಿಗೆ ಸಹಿ ಹಾಕುವವರು ಇನ್ನೊಬ್ಬರು. ಸುತ್ತು ಮುಗಿದಾಗ ಮೇಜು ಖಾಲಿಯಾಗಬೇಕು. ಏನಾದರೂ ಉಳಿದರೆ ಆ 24ರಲ್ಲಿ ಒಂದರಲ್ಲಿ ಅದಿಲ್ಲ, ಬಿಚ್ಚಬೇಕಾದದ್ದು ಅಷ್ಟನ್ನೇ.

ಈ ವಿಧಾನ ಕೆಡುವುದು ಹೆಚ್ಚುವರಿ ಸಾಮಾನಿನಿಂದ. ಒಡೆದ ಹಣತೆಯ ಬದಲಿಗೆ ಯಾರೋ ಮೂಲೆಯ ಚೀಲದಿಂದ ಒಂದನ್ನು ತಂದು ಹಾಕಿದರೆ ಲೆಕ್ಕ ತಪ್ಪುತ್ತದೆ. ಹೆಚ್ಚುವರಿಯನ್ನೆಲ್ಲ ಬೇರೆ ಕೋಣೆಯಲ್ಲಿ ಒಬ್ಬರ ಸುಪರ್ದಿಗೆ ಕೊಡಬೇಕು. ಒಡೆದದ್ದನ್ನು ಕೊಟ್ಟವರಿಗೆ ಮಾತ್ರ ಅವರು ಹೊಸದನ್ನು ಕೊಡಬೇಕು.

ಎಣಿಕೆಯ ಜೊತೆಗೆ ತೂಕವೂ ಬೇಕು. ಈ ಉದಾಹರಣೆಯಲ್ಲಿ ಡಬ್ಬ ಸಮೇತ ಸಿಹಿ 290 ಗ್ರಾಂ, ಗೋಡಂಬಿ 105, ದ್ರಾಕ್ಷಿ 105, ಕಾಫಿ 205, ನಾಲ್ಕು ಹಣತೆ 180, ಊದುಬತ್ತಿ 75, ಪತ್ರ 15, ಬತ್ತಿ 10, ಪೆಟ್ಟಿಗೆ ಮತ್ತು ಚೂರು ಕಾಗದ 315. ಕೂಡಿದರೆ 1300 ಗ್ರಾಂ. ಕೈಯಲ್ಲಿ ಮಾಡಿದ ಹಣತೆಗಳು ಒಂದೇ ತೂಕ ಇರುವುದಿಲ್ಲ, ಕಾಗದವೂ ಒಂದಿಷ್ಟು ಹೆಚ್ಚುಕಡಿಮೆ. ಹಾಗಾಗಿ ಸರಿಯಾಗಿ ತುಂಬಿದ್ದು ಖಚಿತವಿರುವ ಹತ್ತು ಪೆಟ್ಟಿಗೆ ತೂಗಿ, ಅತಿ ಕಡಿಮೆ, ಅತಿ ಹೆಚ್ಚು ಎಷ್ಟೆಂದು ನೋಡಬೇಕು. ಅವು 1270ರಿಂದ 1330ರೊಳಗೆ ಬಂದರೆ ಅದೇ ಮಿತಿ. ಅದರಾಚೆ ತೂಗಿದ ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕು.

ಆ ಮಿತಿಯ ಅಗಲ 60 ಗ್ರಾಂ. ಅಂದರೆ ಅದಕ್ಕಿಂತ ಹಗುರವಾದ ವಸ್ತು ಬಿಟ್ಟುಹೋದರೆ ತಕ್ಕಡಿ ಹೇಳಲಾರದು. ಊದುಬತ್ತಿ ಇಲ್ಲದಿದ್ದರೆ ಗೊತ್ತಾಗುತ್ತದೆ. ಬತ್ತಿ, ಪತ್ರ, ಒಂದೇ ಒಂದು ಹಣತೆ ಇಲ್ಲದಿದ್ದರೆ ಗೊತ್ತಾಗದೆ ಹೋಗಬಹುದು. ಇನ್ನೊಂದು ತಪ್ಪು ಇದಕ್ಕಿಂತ ಜಾಣತನದ್ದು. ಗೋಡಂಬಿಯೂ ದ್ರಾಕ್ಷಿಯೂ ತೂಕದಲ್ಲಿ ಸಮ. ಒಂದರ ಬದಲು ಇನ್ನೊಂದನ್ನು ಎರಡು ಸಲ ಹಾಕಿದರೆ ತಕ್ಕಡಿಗೆ ವ್ಯತ್ಯಾಸ ಕಾಣದು. ಮೇಜಿನ ಮೇಲೆ ಒಂದು ದ್ರಾಕ್ಷಿ ಉಳಿದು ಒಂದು ಗೋಡಂಬಿ ಕಡಿಮೆ ಬಿದ್ದಾಗ ಮಾತ್ರ ಅದು ಹೊರಬೀಳುತ್ತದೆ. ಅದೇ ಸುತ್ತಿನ ಇನ್ನೊಂದು ಪೆಟ್ಟಿಗೆಗೆ ಎರಡು ದ್ರಾಕ್ಷಿ ಹೋಗಿದ್ದರೆ ಮೇಜೂ ಖಾಲಿ, ತೂಕವೂ ಸರಿ.

ಆದ್ದರಿಂದ ಮುಚ್ಚಳ ಹಾಕುವ ಮೊದಲು ತುಂಬದೇ ಇದ್ದ ಇನ್ನೊಬ್ಬರು ಪ್ರತಿ ಪೆಟ್ಟಿಗೆಯನ್ನೂ ಕಣ್ಣಲ್ಲಿ ನೋಡಲೇಬೇಕು. ತುಂಬಿದವರಿಗೆ ತಾವು ಹಾಕಿದ್ದೇವೆಂದು ನೆನಪಿರುವುದೇ ಕಾಣುತ್ತದೆ. ನೋಡುವವರು ಎಂಟು ವಸ್ತುಗಳ ಹೆಸರಿರುವ ಚೀಟಿ ಹಿಡಿದು, ಪ್ರತಿಯೊಂದನ್ನೂ ಬೆರಳಲ್ಲಿ ಮುಟ್ಟುತ್ತಾ ಹೋಗಬೇಕು. ಸಿಹಿಯ ದಿನಾಂಕ ಓದಿಕೊಳ್ಳಬೇಕು. ಬಾಯಿ ಬಿಚ್ಚಿದ ಕವರ್, ತುಪ್ಪದ ಕಲೆ, ಮುರಿದ ಮೂಲೆ ಇದ್ದರೆ ಪಕ್ಕಕ್ಕಿಡಬೇಕು. ಹಣತೆಯ ತಟ್ಟೆ ಮತ್ತು ಪತ್ರ ಮೇಲೇ ಕಾಣುವುದರಿಂದ ತಕ್ಕಡಿ ಬಿಟ್ಟ ಹಗುರ ವಸ್ತುಗಳಲ್ಲಿ ಎರಡು ಇಲ್ಲೇ ಸಿಗುತ್ತವೆ. ಬತ್ತಿಯ ಪೊಟ್ಟಣವನ್ನು ಹಣತೆಯ ತಟ್ಟೆಗೇ ಅಂಟಿಸಿದರೆ ಮೂರನೆಯದೂ ಸಿಕ್ಕಿತು. ಎಲ್ಲ ಸರಿಯಿದ್ದರೆ ಚೀಟಿಯ ಮೇಲೆ ಸುತ್ತಿನ ಸಂಖ್ಯೆ, ಪೆಟ್ಟಿಗೆಯ ಸಂಖ್ಯೆ, ತೂಕ, ಸಹಿ. ಅದೇ ಸಂಖ್ಯೆ ಪೆಟ್ಟಿಗೆಯ ತಳದಲ್ಲೂ ಇರಬೇಕು. ರಿಬ್ಬನ್ ಕಟ್ಟುವುದು ಇದಾದ ಮೇಲೆಯೇ. ಕಟ್ಟಿದ ಗಂಟನ್ನು ಬಿಚ್ಚಲು ಯಾರಿಗೂ ಮನಸ್ಸಾಗುವುದಿಲ್ಲ.

ದೀಪಾವಳಿಯ ಹೊತ್ತಿಗೆ ದಕ್ಷಿಣ ಕರ್ನಾಟಕದಲ್ಲಿ ಹಿಂಗಾರು ಮಳೆ ಇರುತ್ತದೆ. ನೆಲದ ತಂಪು ಹೀರಿದ ರಟ್ಟು ಮೆತ್ತಗಾಗಿ ಮೇಲಿನ ಭಾರಕ್ಕೆ ಕುಸಿಯುವುದರಿಂದ ಕಟ್ಟಿದ ಪೆಟ್ಟಿಗೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಬೇಕು. ಆರು ಹ್ಯಾಂಪರಿನ ಸಾಗಣೆ ಪೆಟ್ಟಿಗೆ ಸುಮಾರು ಎಂಟು ಕೆ.ಜಿ. ಭಾರ ಬರುವುದರಿಂದ ಕನಿಷ್ಠ ಐದು ಪದರದ ರಟ್ಟು ಬೇಕು. ಅದರ ಮೇಲೆ ಒಳಗಿನ ಹ್ಯಾಂಪರುಗಳ ಸಂಖ್ಯೆ ಬರೆದಿದ್ದರೆ, ಕಚೇರಿಯವರು ಇಳಿಸಿಕೊಳ್ಳುವಾಗ 20 ಪೆಟ್ಟಿಗೆ ಎಣಿಸಿ ಸಹಿ ಹಾಕಬಹುದು. ಆಮೇಲೆ ದೂರು ಬಂದರೆ ತಳದ ಸಂಖ್ಯೆ ಕೇಳಿ ಚೀಟಿ ತೆಗೆದರೆ ಯಾವ ಸುತ್ತು, ಯಾರು ನೋಡಿದ್ದು, ಎಷ್ಟು ತೂಗಿತ್ತು ಎಂಬುದು ತಿಳಿಯುತ್ತದೆ. ಆ ಚೀಟಿಗಳನ್ನು ಸಿಹಿಯ ಮೇಲಿನ ಕೊನೆಯ ದಿನಾಂಕ ಕಳೆಯುವವರೆಗಾದರೂ ಜೋಪಾನವಾಗಿ ಇಡಬೇಕು.